ಬಾಯಿಮಾತಿನ ಆಫರ್ ಬಂದು ವಾರ ಕಳೆದರೂ ಪತ್ರ ಬಾರದಿದ್ದಾಗ

ಕೊನೆಯ ಸುತ್ತಿನ ಸಂದರ್ಶನ ಮುಗಿದ ಮೇಲೆ ನೇಮಕಾತಿ ವಿಭಾಗದವರು ಕರೆ ಮಾಡಿ "ನಿಮ್ಮನ್ನು ಆಯ್ಕೆ ಮಾಡಿದ್ದೇವೆ, ಎರಡು ಮೂರು ದಿನದಲ್ಲಿ ಆಫರ್ ಲೆಟರ್ ಕಳಿಸುತ್ತೇವೆ" ಎಂದು ಹೇಳಿದಾಗ ಆ ಒಂದು ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಕೂಡಿಕೊಂಡಿರುತ್ತವೆ. ಸಂದರ್ಶನ ಮಾಡಿದವರು ನಮ್ಮನ್ನು ಒಪ್ಪಿದ್ದಾರೆ ಎನ್ನುವುದು ಮೊದಲನೆಯದು. ಒಪ್ಪಿದ ವೇತನ, ಹುದ್ದೆ ಮತ್ತು ಸೇರುವ ದಿನಾಂಕಗಳಿಗೆ ಸಂಸ್ಥೆಯೊಳಗೆ ಮಂಜೂರಾತಿ ಸಿಕ್ಕಿದೆ ಎನ್ನುವುದು ಎರಡನೆಯದು. ಮೊದಲನೆಯದು ಆಗಿಹೋಗಿ ಎರಡನೆಯದು ಇನ್ನೂ ಆಗದೆ ಉಳಿದಿದ್ದ ಅವಧಿಯೊಂದನ್ನು ನಾನು ಈಚೆಗೆ ದಾಟಿ ಬಂದೆ. ಹೇಳಿದ ಗಡುವು ಮೀರಿ, ವಾರ ತುಂಬಿ, ಅದರಾಚೆಗೂ ಪತ್ರ ಬಾರದಿದ್ದ ಆ ದಿನಗಳಲ್ಲಿ ನಾನು ಯಾರಿಗೆ ಏನು ಬರೆದೆ, ಏನು ಕೇಳಿದೆ, ಬಂದ ಉತ್ತರಗಳನ್ನು ಹೇಗೆ ಅರ್ಥ ಮಾಡಿಕೊಂಡೆ ಎಂಬುದನ್ನು, ಅದೇ ಸ್ಥಿತಿಯಲ್ಲಿ ಇರುವವರಿಗೆ ನೆರವಾಗಲಿ ಎಂದು, ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕರೆ ಬಂದಾಗ ನಾನು ಮಾಡಿದ ಮೊದಲ ಕೆಲಸ ಮುಂದೆ ಎಲ್ಲಕ್ಕೂ ಆಧಾರವಾಯಿತು. ಕರೆ ಮಾಡಿದವರು ಹುದ್ದೆಯ ಹೆಸರು, ವಾರ್ಷಿಕ ವೇತನದ ಒಟ್ಟು ಮೊತ್ತ, ಅದರಲ್ಲಿ ನಿಶ್ಚಿತ ಭಾಗ ಎಷ್ಟು, ಕಾರ್ಯಕ್ಷಮತೆಯನ್ನು ನೋಡಿ ಕೊಡುವ ಭಾಗ ಎಷ್ಟು ಮತ್ತು ಯಾವಾಗ ಸೇರಬೇಕು ಎಂಬುದನ್ನೆಲ್ಲ ಬಾಯಲ್ಲಿ ಹೇಳಿದರು. ನಾನು ಅವುಗಳನ್ನು ಬರೆದುಕೊಂಡು, ಕೊನೆಗೆ ಅವರಿಗೇ ಒಮ್ಮೆ ಓದಿ ಹೇಳಿ, "ಇಷ್ಟು ಸರಿಯೇ?" ಎಂದು ಕೇಳಿದೆ. ಸರಿ ಎಂದರು. ಅದೇ ಸಂಜೆ ಸಂದರ್ಶನದ ವೇಳಾಪಟ್ಟಿ ಬಂದಿದ್ದ ಇಮೇಲ್‌ಗೇ ಉತ್ತರವಾಗಿ ಹೀಗೆ ಬರೆದೆ: "ಇಂದು ಫೋನಿನಲ್ಲಿ ಮಾತನಾಡಿದ್ದಕ್ಕೆ ಧನ್ಯವಾದಗಳು. ನಾನು ಅರ್ಥ ಮಾಡಿಕೊಂಡಂತೆ ಹುದ್ದೆ ಹಿರಿಯ ವಿಶ್ಲೇಷಕರದು, ಒಟ್ಟು ವೇತನ ನಾವು ಮಾತನಾಡಿದ ಈ ಮೊತ್ತ, ಅದರಲ್ಲಿ ಶೇಕಡಾ 90 ನಿಶ್ಚಿತ ಮತ್ತು ಶೇಕಡಾ 10 ಕಾರ್ಯಕ್ಷಮತೆಗೆ ಸಂಬಂಧಿಸಿದ್ದು. ಲಿಖಿತ ಆಫರ್ ಬಂದ ಮೇಲೆ ರಾಜೀನಾಮೆ ಕೊಟ್ಟು, ನನ್ನ ನೋಟಿಸ್ ಅವಧಿ ಮುಗಿದ ಕೂಡಲೇ ಸೇರಬಲ್ಲೆ. ಈ ವಿವರಗಳಲ್ಲಿ ಏನಾದರೂ ವ್ಯತ್ಯಾಸವಿದ್ದರೆ ದಯವಿಟ್ಟು ತಿಳಿಸಿ." ಮೊತ್ತದ ಜಾಗದಲ್ಲಿ ಅಂಕಿಯನ್ನೇ ಬರೆದಿದ್ದೆ. ಮರುದಿನ "ಹೌದು, ಸರಿಯಾಗಿದೆ" ಎಂದು ಒಂದು ಸಾಲಿನ ಉತ್ತರ ಬಂತು.

ಈ ಪತ್ರಕ್ಕೆ ಆಫರ್ ಲೆಟರಿನ ಬೆಲೆ ಇಲ್ಲ ಎಂಬುದು ನನಗೆ ಗೊತ್ತಿತ್ತು. ಬಾಯಿಮಾತಿನ ಒಪ್ಪಂದಕ್ಕೂ ಮಾನ್ಯತೆ ಕೊಡುವ ಕಾನೂನು ಹಲವು ದೇಶಗಳಲ್ಲಿ ಇದೆ. ಆದರೆ ಏನು ಒಪ್ಪಲಾಗಿತ್ತು ಎಂದು ಸಾಬೀತು ಮಾಡುವ ಹೊರೆ ನಮ್ಮ ಮೇಲೆ ಬೀಳುತ್ತದೆ, ಮತ್ತು ಕೆಲಸಕ್ಕೆ ಸೇರುವ ಮೊದಲೇ ಸಂಸ್ಥೆಯ ಜೊತೆ ವ್ಯಾಜ್ಯಕ್ಕೆ ಇಳಿಯುವವರು ವಿರಳ. ನಾನು ಈ ಪತ್ರ ಬರೆದದ್ದು ನ್ಯಾಯಾಲಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅಲ್ಲ. ಮುಂದೆ ವಿಚಾರಿಸುವಾಗ "ಅಂದು ನೀವು ಏನೋ ಹೇಳಿದ್ದಿರಿ" ಎಂದು ನೆನಪನ್ನು ನಂಬಿ ಮಾತನಾಡುವ ಬದಲು ಅದೇ ಇಮೇಲಿನ ಸರಣಿಯಲ್ಲಿ ಮಾತು ಮುಂದುವರಿಸಬಹುದು, ಮತ್ತು ಕರೆ ಮಾಡಿದವರು ರಜೆಯ ಮೇಲೆ ಹೋದರೂ ಅವರ ಜಾಗಕ್ಕೆ ಬಂದವರು ವಿಷಯವನ್ನು ಮೊದಲಿನಿಂದ ಓದಿಕೊಳ್ಳಬಹುದು ಎಂಬುದಷ್ಟೇ ನನ್ನ ಲೆಕ್ಕವಾಗಿತ್ತು. ಆ ಲೆಕ್ಕ ನಾನು ಎಣಿಸಿದ್ದಕ್ಕಿಂತ ಹೆಚ್ಚಾಗಿಯೇ ಕೈಹಿಡಿಯಿತು.

ಎರಡು ಮೂರು ದಿನ ಎಂದಿದ್ದದ್ದು ಒಂದು ವಾರವಾಯಿತು. ಈ ಅವಧಿಯಲ್ಲಿ ನಾನು ಯಾರನ್ನೂ ಕೇಳಲಿಲ್ಲ. ಪತ್ರ ತಲುಪದೇ ಇರಲು ನನ್ನ ಕಡೆಯಿಂದ ಕಾರಣವೇನಾದರೂ ಇದೆಯೇ ಎಂದು ಮಾತ್ರ ನೋಡಿಕೊಂಡೆ. ಈಗ ಹಲವು ಸಂಸ್ಥೆಗಳು ಆಫರ್ ಲೆಟರನ್ನು ಎಚ್‌ಆರ್ ಸಿಬ್ಬಂದಿಯ ಇಮೇಲಿನಿಂದ ಕಳಿಸದೆ ನೇಮಕಾತಿಯ ತಂತ್ರಾಂಶದಿಂದಲೋ ಡಿಜಿಟಲ್ ಸಹಿ ಪಡೆಯುವ ಸೇವೆಯಿಂದಲೋ ಕಳಿಸುತ್ತವೆ. ಅಂಥ ಪತ್ರ ಅಪರಿಚಿತ ವಿಳಾಸದಿಂದ ಬರುವುದರಿಂದ ಸ್ಪ್ಯಾಮ್ ಪೆಟ್ಟಿಗೆಗೆ ಹೋಗುವುದುಂಟು, ಅದರೊಳಗಿನ ಲಿಂಕಿಗೆ ಅವಧಿ ಮುಗಿಯುವುದೂ ಉಂಟು. ಸ್ಪ್ಯಾಮ್ ಪೆಟ್ಟಿಗೆ ನೋಡಿದೆ, ಅರ್ಜಿ ಹಾಕಿದ್ದ ಜಾಲತಾಣಕ್ಕೆ ಲಾಗಿನ್ ಆಗಿ ಅಲ್ಲಿ ಏನಾದರೂ ದಾಖಲೆ ಕೇಳಿದ್ದಾರೆಯೇ ಎಂದು ನೋಡಿದೆ, ಅಲ್ಲಿ ಕೊಟ್ಟಿದ್ದ ನನ್ನ ಇಮೇಲ್ ವಿಳಾಸವನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸಿದೆ. ಎಲ್ಲವೂ ಸರಿಯಾಗಿತ್ತು. ತಡ ಆಗುತ್ತಿರುವುದು ಅವರ ಕಡೆಯಲ್ಲಿಯೇ ಎಂದು ಖಚಿತವಾಯಿತು.

ಆ ಕಡೆಯಲ್ಲಿ ಏನು ನಡೆಯುತ್ತದೆ ಎಂಬುದರ ಅಂದಾಜು ನನಗೆ ಸ್ವಲ್ಪ ಇತ್ತು, ಏಕೆಂದರೆ ಆಗ ನಾನು ಇದ್ದ ಸಂಸ್ಥೆಯಲ್ಲಿ ನಮ್ಮ ತಂಡಕ್ಕೆ ಜನರನ್ನು ಆರಿಸುವ ಕೆಲಸದಲ್ಲಿ ಭಾಗವಹಿಸಿದ್ದೆ. ಮೇಜಿನ ಆ ಬದಿಯಲ್ಲಿ ಕುಳಿತವರಿಗೆ ತಿಳಿದಿರುವ ಸಂಗತಿ ಏನೆಂದರೆ, ಒಬ್ಬರನ್ನು ಆರಿಸಿದ ಮೇಲೆ ಅವರ ಕಡತ ಕೆಲವು ಕೈಗಳನ್ನು ದಾಟಬೇಕು. ಆ ಹುದ್ದೆ ತುಂಬಲು ಮೊದಲೇ ಪಡೆದಿದ್ದ ಅನುಮತಿ ಇನ್ನೂ ಚಾಲ್ತಿಯಲ್ಲಿ ಇದೆಯೇ ಎಂದು ಎಚ್‌ಆರ್ ನೋಡುತ್ತದೆ. ಒಪ್ಪಿದ ವೇತನ ಆ ಗ್ರೇಡಿಗೆ ನಿಗದಿಯಾದ ಕನಿಷ್ಠ ಮತ್ತು ಗರಿಷ್ಠ ಮಿತಿಗಳ ಒಳಗಿದೆಯೇ, ಅದೇ ತಂಡದಲ್ಲಿ ಈಗಾಗಲೇ ಇರುವವರ ವೇತನಕ್ಕೂ ಅದಕ್ಕೂ ಹೊಂದಾಣಿಕೆ ಇದೆಯೇ ಎಂದು ವೇತನದ ವಿಷಯ ನೋಡಿಕೊಳ್ಳುವವರು ತೂಗುತ್ತಾರೆ. ಹಣಕಾಸು ವಿಭಾಗ ಬಜೆಟ್ಟಿನಲ್ಲಿ ಅದಕ್ಕೆ ಜಾಗವಿದೆ ಎಂದು ಒಪ್ಪಬೇಕು. ಕೊನೆಯಲ್ಲಿ ಸಹಿ ಮಾಡುವ ಅಧಿಕಾರ ಇರುವವರು ಸಹಿ ಮಾಡಬೇಕು. ಎಲ್ಲವೂ ಮಿತಿಯೊಳಗೆ ಇದ್ದರೆ ಇದು ಬೇಗ ಮುಗಿಯುತ್ತದೆ. ಒಂದು ಅಂಶ ಮಿತಿಯ ಹೊರಗೆ ಹೋದರೂ ಕಡತ ವಿಶೇಷ ಅನುಮತಿಗಾಗಿ ಇನ್ನೊಂದು ಹಂತ ಮೇಲಕ್ಕೆ ಹೋಗುತ್ತದೆ, ಅಲ್ಲಿ ಕುಳಿತವರಿಗೆ ಇದು ಆ ದಿನದ ಮೊದಲ ಕೆಲಸವಾಗಿರುವುದಿಲ್ಲ. ಫೋನ್ ಮಾಡಿದವರಿಗೆ ಇವೆಲ್ಲ ಮುಗಿದ ಮೇಲೆಯೇ ಮಾತನಾಡಬೇಕು ಎಂಬ ನಿಯಮ ಎಲ್ಲ ಕಡೆ ಇರುವುದಿಲ್ಲ. ಒಳ್ಳೆಯ ಅಭ್ಯರ್ಥಿ ಕೈತಪ್ಪಬಾರದು ಎಂದು ಮಂಜೂರಾತಿಗೆ ಮೊದಲೇ ಬಾಯಿಮಾತು ಕೊಡುವವರು ಬಹಳ ಮಂದಿ. ಅವರ ಉದ್ದೇಶ ಕೆಟ್ಟದ್ದಲ್ಲ, ಆದರೆ ಕಾಯುವ ಭಾರ ಮಾತ್ರ ಅಭ್ಯರ್ಥಿಯ ತಲೆಗೆ ಬರುತ್ತದೆ. ಅದು ನ್ಯಾಯವೆಂದು ನನಗೆ ಎಂದೂ ಅನ್ನಿಸಿಲ್ಲ.

ಹೀಗಾಗಿ ನಾನು ತಿಳಿಯಬೇಕಾಗಿದ್ದದ್ದು ಪತ್ರ ಯಾವಾಗ ಬರುತ್ತದೆ ಎಂಬುದಕ್ಕಿಂತ ಹೆಚ್ಚಾಗಿ, ಕಡತ ಈಗ ಯಾರ ಮುಂದೆ ಇದೆ ಮತ್ತು ಇನ್ನು ಏನು ಬಾಕಿ ಇದೆ ಎಂಬುದಾಗಿತ್ತು. "ಯಾವಾಗ" ಎಂದು ಕೇಳಿದರೆ "ಶೀಘ್ರದಲ್ಲಿ" ಎಂಬ ಉತ್ತರ ಸುಲಭವಾಗಿ ಬರುತ್ತದೆ, ಅದರಿಂದ ನಮಗೆ ಏನೂ ತಿಳಿಯುವುದಿಲ್ಲ. "ಯಾವ ಹಂತ" ಎಂದು ಕೇಳಿದರೆ ಉತ್ತರಿಸುವವರು ಕಡತವನ್ನು ತೆರೆದು ನೋಡಲೇಬೇಕಾಗುತ್ತದೆ.

ವಾರ ದಾಟಿದ ಮೇಲೆ ಹೊಸ ಇಮೇಲ್ ಶುರು ಮಾಡದೆ ಹಿಂದಿನ ಸರಣಿಯಲ್ಲಿಯೇ ಹೀಗೆ ಬರೆದೆ: "ಕಳೆದ ವಾರ ನಾವು ಮಾತನಾಡಿದ ಹುದ್ದೆಯ ಬಗ್ಗೆ ನನ್ನ ಆಸಕ್ತಿ ಹಾಗೆಯೇ ಇದೆ. ಲಿಖಿತ ಆಫರ್ ಇನ್ನೂ ನನಗೆ ತಲುಪಿಲ್ಲ. ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಿದ್ದೇನೆ. ಅದು ಈಗ ಯಾವ ಹಂತದಲ್ಲಿದೆ ಮತ್ತು ನನ್ನಿಂದ ಯಾವುದಾದರೂ ದಾಖಲೆ ಬೇಕಾಗಿದೆಯೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಲಿಖಿತ ಆಫರ್ ಕೈಸೇರಿದ ಮೇಲೆಯೇ ನಾನು ರಾಜೀನಾಮೆ ಕೊಡುವುದರಿಂದ, ಅದು ಬರುವ ದಿನದ ಮೇಲೆ ನಾನು ಸೇರುವ ದಿನ ನಿಲ್ಲುತ್ತದೆ." ಕೊನೆಯ ವಾಕ್ಯವನ್ನು ಯೋಚಿಸಿಯೇ ಸೇರಿಸಿದ್ದೆ. ತಡವಾದರೆ ನನಗೆ ಬೇಸರ ಆಗುತ್ತದೆ ಎಂದು ಬರೆದಿದ್ದರೆ ಅದು ನನ್ನ ಸಮಸ್ಯೆಯಾಗಿ ಉಳಿಯುತ್ತಿತ್ತು. ತಡವಾದಷ್ಟೂ ಅವರ ತಂಡಕ್ಕೆ ಬರಬೇಕಾದವನು ತಡವಾಗಿ ಬರುತ್ತಾನೆ ಎಂದು ಬರೆದದ್ದರಿಂದ ಅದು ಅವರ ಲೆಕ್ಕದಲ್ಲಿಯೂ ಸೇರಿತು. ಅದು ಬೆದರಿಕೆಯಲ್ಲ, ವಸ್ತುಸ್ಥಿತಿ.

ಉತ್ತರ ಬಂತು: "ಪ್ರಕ್ರಿಯೆಯಲ್ಲಿದೆ, ಶೀಘ್ರದಲ್ಲಿ ತಿಳಿಸುತ್ತೇವೆ." ಇಂಥ ಉತ್ತರವನ್ನು ಓದುವಾಗ ಅದರಲ್ಲಿ ಏನು ಇಲ್ಲ ಎಂಬುದನ್ನು ನೋಡಬೇಕು. ದಿನಾಂಕ ಇರಲಿಲ್ಲ. ಹಂತದ ಹೆಸರು ಇರಲಿಲ್ಲ. ನಾನು ಕೇಳಿದ ದಾಖಲೆಯ ಪ್ರಶ್ನೆಗೆ ಉತ್ತರವೂ ಇರಲಿಲ್ಲ. ಉತ್ತರ ಬಂದದ್ದೇ ಒಂದು ಒಳ್ಳೆಯ ಲಕ್ಷಣವಾಗಿತ್ತಾದರೂ, ಪತ್ರ ಬರೆದವರು ಕಡತವನ್ನು ನೋಡದೆ ಬರೆದಿದ್ದಾರೆ ಅಥವಾ ನೋಡಿಯೂ ಹೇಳಲು ಹಿಂಜರಿಯುತ್ತಿದ್ದಾರೆ ಎಂದು ಅನ್ನಿಸಿತು. ಅದಕ್ಕೆ ಮತ್ತೊಂದು ಇಮೇಲ್ ಬರೆದು ಪ್ರಯೋಜನವಿರಲಿಲ್ಲ. ಬರಹದಲ್ಲಿ ಒಪ್ಪಿಕೊಳ್ಳಲಾಗದ ಮಾತನ್ನು ಫೋನಿನಲ್ಲಿ ಹೇಳುವುದು ಜನರಿಗೆ ಸುಲಭ. ಆದ್ದರಿಂದ ನಡುವೆ ಕೆಲಸದ ದಿನ ಒಂದೆರಡನ್ನು ಬಿಟ್ಟು, ಕಚೇರಿಯ ಗಡಿಬಿಡಿ ಇಳಿಯುವ ಹೊತ್ತಿನಲ್ಲಿ ಕರೆ ಮಾಡಿ, ಮೊದಲು "ಈಗ ಐದು ನಿಮಿಷ ಮಾತನಾಡಲು ಆಗುತ್ತದೆಯೇ?" ಎಂದು ಕೇಳಿದೆ.

ಆ ಕರೆಯಲ್ಲಿ ನಾನು ಕೇಳಿದ್ದು ಇಷ್ಟೇ. "ಮೇಡಂ, ಆಯ್ಕೆಗೆ ಮಂಜೂರಾತಿ ಸಿಕ್ಕಿ ಪತ್ರ ಸಿದ್ಧವಾಗುವುದು ಮಾತ್ರ ಬಾಕಿ ಇದೆಯೇ, ಅಥವಾ ಮಂಜೂರಾತಿಯೇ ಬಾಕಿ ಇದೆಯೇ?" ಒಂದು ಕ್ಷಣ ತಡೆದು ಅವರು ನೇರವಾಗಿಯೇ ಹೇಳಿದರು: ನಾವು ಮಾತನಾಡಿದ ನಿಶ್ಚಿತ ವೇತನ ಆ ಗ್ರೇಡಿನ ಗರಿಷ್ಠ ಮಿತಿಯನ್ನು ದಾಟುತ್ತಿದೆ, ಹೀಗಾಗಿ ವಿಶೇಷ ಅನುಮತಿಗೆ ಕಳಿಸಿದ್ದಾರೆ, ಅದನ್ನು ಕೊಡಬೇಕಾದವರು ಪ್ರವಾಸದಲ್ಲಿದ್ದಾರೆ. ಆಯ್ಕೆಯ ಬಗ್ಗೆಯೇ ಯಾರಾದರೂ ತಕರಾರು ಎತ್ತಿದ್ದಾರೆಯೇ ಎಂದು ಕೇಳಿದೆ. ಇಲ್ಲ ಎಂದರು. ಆ ಅಧಿಕಾರಿ ಹಿಂತಿರುಗುವ ದಿನವನ್ನು ಕೇಳಿ ತಿಳಿದುಕೊಂಡು, "ಹಾಗಾದರೆ ಅದರ ಮರುದಿನ ನಾನು ನಿಮಗೆ ಕರೆ ಮಾಡಲೇ?" ಎಂದೆ. ಒಪ್ಪಿದರು. ಮುಂದಿನ ಸಂಪರ್ಕದ ದಿನ ಇಬ್ಬರಿಗೂ ಗೊತ್ತಾಗಿದ್ದರಿಂದ ನಡುವೆ ಅವರನ್ನು ಕಾಡಬೇಕಾಗಲಿಲ್ಲ, ಪ್ರತಿ ಗಂಟೆಗೂ ನಾನು ಇಮೇಲ್ ತೆರೆದು ನೋಡಬೇಕಾಗಲಿಲ್ಲ. ಫೋನ್ ಇಟ್ಟ ಮೇಲೆ, ಮಾತನಾಡಿದ್ದನ್ನು ಎರಡು ಸಾಲಿನಲ್ಲಿ ಅದೇ ಸರಣಿಗೆ ಬರೆದು ಧನ್ಯವಾದ ಹೇಳಿದೆ.

ಮಂಜೂರಾತಿ ಬಾಕಿ ಇರುವುದಕ್ಕೂ ಪತ್ರ ಸಿದ್ಧವಾಗುವುದು ಬಾಕಿ ಇರುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಪತ್ರ ಸಿದ್ಧವಾಗುವುದು ಗುಮಾಸ್ತರ ಕೆಲಸ, ತಡವಾದರೂ ಆಗುತ್ತದೆ. ಮಂಜೂರಾತಿ ಒಂದು ನಿರ್ಧಾರ. ಅದು ಬೇಡವೆಂದೂ ಆಗಬಹುದು, ಬದಲಾದ ರೂಪದಲ್ಲಿಯೂ ಬರಬಹುದು. ಎರಡನೆಯ ಸಾಧ್ಯತೆಗೆ ನಾನು ಆ ಕರೆಯ ದಿನವೇ ಮನಸ್ಸನ್ನು ಸಿದ್ಧಪಡಿಸಿಕೊಂಡೆ. ನಿಶ್ಚಿತ ಭಾಗ ಕಡಿಮೆಯಾಗಿ ಬಂದರೆ ಎಲ್ಲಿಯವರೆಗೆ ಒಪ್ಪಬಹುದು, ಅದಕ್ಕೆ ಬದಲಾಗಿ ಏನು ಕೇಳಬೇಕು ಎಂಬುದನ್ನು ಮನೆಯವರ ಜೊತೆ ಕುಳಿತು ಲೆಕ್ಕ ಹಾಕಿ ಬರೆದಿಟ್ಟುಕೊಂಡೆ.

ಈ ನಡುವೆ ನನ್ನನ್ನು ಆರಿಸಿದ ವ್ಯವಸ್ಥಾಪಕರಿಗೆ, ಎಂದರೆ ನಾನು ಯಾರ ಕೈಕೆಳಗೆ ಕೆಲಸ ಮಾಡಬೇಕಾಗಿತ್ತೋ ಅವರಿಗೆ, ಬರೆಯಬೇಕೇ ಬೇಡವೇ ಎಂಬ ಪ್ರಶ್ನೆ ಬಂತು. ಎಚ್‌ಆರ್ ಉತ್ತರ ಕೊಡುತ್ತಿರುವಾಗ ಅವರನ್ನು ದಾಟಿ ಹೋದರೆ ದೂರು ಕೊಟ್ಟಂತೆ ಕಾಣುತ್ತದೆ, ಮುಂದೆ ಅದೇ ಜನರೊಂದಿಗೆ ಕೆಲಸ ಮಾಡಬೇಕಾದವರಿಗೆ ಅದು ಒಳ್ಳೆಯದಲ್ಲ. ಆದರೆ ವಿಶೇಷ ಅನುಮತಿಯ ವಿಷಯದಲ್ಲಿ ಒತ್ತಡ ತರಬಲ್ಲವರು ಎಚ್‌ಆರ್ ಸಿಬ್ಬಂದಿಯಲ್ಲ, ತಮ್ಮ ತಂಡದಲ್ಲಿ ಜಾಗ ಖಾಲಿ ಇರುವ ಆ ವ್ಯವಸ್ಥಾಪಕರೇ. ಆದ್ದರಿಂದ ನೇಮಕಾತಿ ವಿಭಾಗದವರನ್ನೇ ಕೇಳಿದೆ: "ಸೇರುವ ದಿನದ ಬಗ್ಗೆ ವ್ಯವಸ್ಥಾಪಕರಿಗೆ ಒಂದು ಮಾತು ತಿಳಿಸಬೇಕೆಂದಿದ್ದೇನೆ, ನಿಮ್ಮ ಆಕ್ಷೇಪ ಇಲ್ಲವಷ್ಟೇ?" ಅವರು ಖುಷಿಯಿಂದಲೇ ಒಪ್ಪಿದರು, ಬಹುಶಃ ಅವರಿಗೂ ಅದು ಬೇಕಾಗಿತ್ತು. ವ್ಯವಸ್ಥಾಪಕರಿಗೆ ಬರೆದ ಪತ್ರದಲ್ಲಿ ವೇತನದ ಮಾತು ಎತ್ತಲಿಲ್ಲ. ಕೆಲಸದ ಬಗ್ಗೆ ಆಸಕ್ತಿ ಇದೆ, ಮಂಜೂರಾತಿ ಬಾಕಿ ಇದೆಯೆಂದು ಎಚ್‌ಆರ್ ತಿಳಿಸಿದೆ, ನೋಟಿಸ್ ಅವಧಿ ಇರುವುದರಿಂದ ನೀವು ಯೋಜಿಸಿರುವ ಕೆಲಸದ ಆರಂಭಕ್ಕೆ ನಾನು ಇರುತ್ತೇನೋ ಇಲ್ಲವೋ ಎಂಬುದು ಪತ್ರ ಬರುವ ದಿನವನ್ನು ಅವಲಂಬಿಸಿದೆ ಎಂದಷ್ಟೇ ಬರೆದೆ. ಅಂದೇ ಸಂಜೆ ಅವರು, "ನಾನು ವಿಚಾರಿಸುತ್ತೇನೆ, ನಮಗೆ ನೀವು ಬೇಕು" ಎಂದು ಉತ್ತರಿಸಿದರು. ತಂಡದ ಮುಖ್ಯಸ್ಥರಿಂದ ಬರುವ ಇಂಥ ಮಾತು ಆಯ್ಕೆ ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿ. ಮಂಜೂರಾತಿ ಸಿಗುತ್ತದೆ ಎಂಬುದಕ್ಕೆ ಅಲ್ಲ.

ಇದೇ ಸಮಯದಲ್ಲಿ ಇನ್ನೊಂದು ಸಂಸ್ಥೆಯಿಂದ ಲಿಖಿತ ಆಫರ್ ನನ್ನ ಕೈಯಲ್ಲಿತ್ತು. ಅದು ನನಗೆ ಎರಡನೆಯ ಆಯ್ಕೆ, ಆದರೆ ಬಿಟ್ಟುಬಿಡುವಂಥದ್ದಲ್ಲ. ಉತ್ತರಿಸಲು ಅವರು ಕೊಟ್ಟ ಕೊನೆಯ ದಿನ ಹತ್ತಿರವಾಗುತ್ತಿತ್ತು. ಅವರಿಗೆ ಕರೆ ಮಾಡಿ, ನಿರ್ಧಾರಕ್ಕೆ ಇನ್ನು ಕೆಲವು ದಿನ ಬೇಕು ಎಂದು ನಿರ್ದಿಷ್ಟ ದಿನಾಂಕವನ್ನೇ ಹೇಳಿ ಕೇಳಿದೆ. "ಸ್ವಲ್ಪ ಸಮಯ" ಎಂದು ಕೇಳಿದರೆ ಇಲ್ಲ ಎನ್ನುವುದು ಸುಲಭ, ದಿನಾಂಕ ಹೇಳಿದರೆ ಅವರೂ ಅದನ್ನು ಮೇಲಿನವರ ಮುಂದೆ ಇಡಬಹುದು. ಅವರು ಒಪ್ಪಿದರು. ಬಳಿಕ ಮೊದಲ ಸಂಸ್ಥೆಯವರಿಗೆ, "ನನ್ನ ಬಳಿ ಇನ್ನೊಂದು ಲಿಖಿತ ಆಫರ್ ಇದೆ, ಅದಕ್ಕೆ ಈ ದಿನಾಂಕದೊಳಗೆ ಉತ್ತರಿಸಬೇಕು, ನನ್ನ ಒಲವು ನಿಮ್ಮ ಕಡೆಗೇ ಇದೆ, ಆದ್ದರಿಂದ ಅದಕ್ಕೆ ಮೊದಲು ನಿಮ್ಮ ನಿರ್ಧಾರ ತಿಳಿದರೆ ಒಳ್ಳೆಯದು" ಎಂದು ಬರೆದೆ. ಆ ಸಂಸ್ಥೆಯ ಹೆಸರನ್ನೂ ಅವರು ಕೊಡುವ ವೇತನವನ್ನೂ ಹೇಳಲಿಲ್ಲ. ಇಲ್ಲದ ಆಫರನ್ನು ಇದೆ ಎಂದು ಹೇಳುವ ಸಲಹೆಯನ್ನು ಕೆಲವರು ಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಸುಳ್ಳು ಎನ್ನುವುದರ ಜೊತೆಗೆ, ಅದರಲ್ಲಿ ಅಪಾಯವೂ ಇದೆ. "ಆ ದಿನದೊಳಗೆ ನಮ್ಮಿಂದ ಆಗುವುದಿಲ್ಲ, ನೀವು ಅಲ್ಲಿಗೇ ಹೋಗಿ" ಎಂದು ಅವರು ಹೇಳಿಬಿಟ್ಟರೆ ಅಭ್ಯರ್ಥಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಿಜವಾದ ಗಡುವನ್ನು ಹೇಳುವುದು ಮಾತ್ರ ಅಭ್ಯರ್ಥಿಯ ಹಕ್ಕು, ಮತ್ತು ಅದನ್ನು ಹೇಳದೆ ಇದ್ದರೆ ಅವರಿಗೆ ಅವಸರಪಡಲು ಕಾರಣವೇ ಇರುವುದಿಲ್ಲ.

ಈ ದಿನಗಳಲ್ಲಿ ನಾನು ಒಳಗೊಳಗೆ ಗಮನಿಸುತ್ತಿದ್ದ ಕೆಲವು ಲಕ್ಷಣಗಳಿವೆ. ಅದೇ ಹುದ್ದೆಯ ಜಾಹೀರಾತು ಮತ್ತೆ ಹೊಸದಾಗಿ ಪ್ರಕಟವಾಗಿದೆಯೇ ಎಂದು ನೋಡುತ್ತಿದ್ದೆ. ಹಳೆಯ ಜಾಹೀರಾತು ಹಾಗೇ ಉಳಿದಿರುವುದು ಚಿಂತೆಯ ವಿಷಯವಲ್ಲ, ಪತ್ರಕ್ಕೆ ಸಹಿಯಾಗುವವರೆಗೆ ಅದನ್ನು ತೆಗೆಯದಿರುವುದು ಸಾಮಾನ್ಯ, ಆದರೆ ಹುದ್ದೆಯ ಹೆಸರನ್ನೋ ಗ್ರೇಡನ್ನೋ ಬದಲಿಸಿ ಹೊಸದಾಗಿ ಹಾಕಿದ್ದರೆ ಒಳಗೆ ಏನೋ ಬದಲಾಗಿದೆ ಎಂದು ತಿಳಿಯಬೇಕು. ಮುಗಿಯಿತು ಎಂದಿದ್ದ ಸಂದರ್ಶನಕ್ಕೆ "ಇನ್ನೊಬ್ಬರು ಸುಮ್ಮನೆ ಮಾತನಾಡಬೇಕಂತೆ" ಎಂದು ಮತ್ತೆ ಕರೆಯುವುದು ಇನ್ನೊಂದು ಲಕ್ಷಣ. ಆಗ ಆಯ್ಕೆಯ ಬಗ್ಗೆಯೇ ಯಾರಿಗೋ ಸಂದೇಹ ಬಂದಿರುವ ಸಾಧ್ಯತೆ ಹೆಚ್ಚು. ಅದಕ್ಕೆ ವಿರುದ್ಧವಾಗಿ, ಹಿಂದಿನ ಕೆಲಸದ ದಾಖಲೆಗಳನ್ನೋ ಗುರುತಿನ ಚೀಟಿಯ ಪ್ರತಿಯನ್ನೋ ಕೇಳಿದರೆ ಕಡತ ಮುಂದಕ್ಕೆ ಚಲಿಸುತ್ತಿದೆ ಎಂದು ಅರ್ಥ. ಹೇಳಿದ ದಿನಕ್ಕೆ ತಾವಾಗಿಯೇ ಕರೆ ಮಾಡಿ "ಇನ್ನೂ ಆಗಿಲ್ಲ" ಎಂದು ಹೇಳುವ ಸಂಸ್ಥೆಯನ್ನು ನಂಬಬಹುದು. ಕೇಳಿದಾಗಲೆಲ್ಲ ಹೊಸ ದಿನಾಂಕವನ್ನು ಕಾರಣವಿಲ್ಲದೆ ಕೊಡುವ, ಕೊಟ್ಟ ದಿನಾಂಕ ದಾಟಿದರೂ ಮೌನವಾಗಿರುವ ಸಂಸ್ಥೆಯಲ್ಲಿ, ಬಜೆಟ್ ತಡೆಹಿಡಿದಿರುವುದೋ ಬೇರೊಬ್ಬ ಅಭ್ಯರ್ಥಿಯ ಉತ್ತರಕ್ಕಾಗಿ ಕಾಯುತ್ತಿರುವುದೋ ಇರಬಹುದು. ಅಂಥ ಮೌನ ಎರಡನೆಯ ವಾರವನ್ನೂ ದಾಟಿದರೆ ನಾನು ಕೈಯಲ್ಲಿದ್ದ ಆಫರನ್ನು ಒಪ್ಪಿಕೊಳ್ಳುವುದೆಂದು ನಿಶ್ಚಯಿಸಿದ್ದೆ, ಬೇರೆ ಸಂದರ್ಶನಗಳನ್ನೂ ನಿಲ್ಲಿಸಿರಲಿಲ್ಲ.

ಅಧಿಕಾರಿ ಹಿಂತಿರುಗಿದ ಮರುದಿನ ಮಾತಿನಂತೆ ಕರೆ ಮಾಡಿದೆ. ಮಂಜೂರಾತಿ ಬಂದಿದೆ, ಸಂಜೆಯೊಳಗೆ ಪತ್ರ ಬರುತ್ತದೆ ಎಂದರು, ಬಂತು. ಅದನ್ನು ತೆರೆದು, ಸಹಿಯ ಜಾಗಕ್ಕೆ ಹೋಗದೆ, ನಾನು ಮೊದಲ ದಿನ ಬರೆದಿದ್ದ ಇಮೇಲನ್ನು ಪಕ್ಕದಲ್ಲಿ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದೆ. ಹುದ್ದೆಯ ಹೆಸರು ಸರಿ, ಒಟ್ಟು ಮೊತ್ತ ಸರಿ. ಒಳಗಿನ ವಿಂಗಡಣೆ ಮಾತ್ರ ಬದಲಾಗಿತ್ತು: ನಿಶ್ಚಿತ ಭಾಗ ಶೇಕಡಾ 90ರ ಬದಲು 80, ಕಾರ್ಯಕ್ಷಮತೆಯ ಭಾಗ 10ರ ಬದಲು 20. ತಡವಾದದ್ದಕ್ಕೂ ಈ ಬದಲಾವಣೆಗೂ ಇದ್ದ ನಂಟು ಆಗ ಸ್ಪಷ್ಟವಾಯಿತು. ಗ್ರೇಡಿನ ಮಿತಿಯನ್ನು ಮೀರಲು ಅನುಮತಿ ಸಿಕ್ಕಿರಲಿಲ್ಲ. ಮಿತಿ ನಿಶ್ಚಿತ ವೇತನಕ್ಕೆ ಮಾತ್ರ ಇದ್ದುದರಿಂದ, ಒಟ್ಟು ಮೊತ್ತವನ್ನು ಉಳಿಸಿಕೊಂಡು ಹೆಚ್ಚಿನ ಭಾಗವನ್ನು ಇನ್ನೊಂದು ಕಡೆಗೆ ಸರಿಸಿದ್ದರು. ಒಟ್ಟು ಮೊತ್ತವನ್ನಷ್ಟೇ ನೋಡಿ ಸಹಿ ಮಾಡುವವರಿಗೆ ಇದು ಮೊದಲ ಸಂಬಳ ಬಂದಾಗ ತಿಳಿಯುತ್ತದೆ, ಆಗ ಮಾತನಾಡಲು ಜಾಗ ಉಳಿದಿರುವುದಿಲ್ಲ.

ಸಹಿ ಮಾಡದೆ, ಧನ್ಯವಾದ ಹೇಳಿ, ಮೊದಲ ದಿನದ ಇಮೇಲನ್ನೂ ಅದಕ್ಕೆ ಅವರು ಕೊಟ್ಟ "ಹೌದು, ಸರಿಯಾಗಿದೆ" ಎಂಬ ಉತ್ತರವನ್ನೂ ಉಲ್ಲೇಖಿಸಿ ಬರೆದೆ: "ಪತ್ರದಲ್ಲಿ ನಿಶ್ಚಿತ ಭಾಗ ನಾವು ಒಪ್ಪಿದ್ದಕ್ಕಿಂತ ಒಟ್ಟು ವೇತನದ ಶೇಕಡಾ 10ರಷ್ಟು ಕಡಿಮೆ ಇದೆ. ಗ್ರೇಡಿನ ಮಿತಿ ನನಗೆ ಅರ್ಥವಾಗುತ್ತದೆ. ನಿಶ್ಚಿತ ಭಾಗವನ್ನು ಹೆಚ್ಚಿಸಲು ಸಾಧ್ಯವಿಲ್ಲದಿದ್ದರೆ, ಸರಿಸಿದ ಆ ಶೇಕಡಾ 10ನ್ನು ಮೊದಲ ವರ್ಷ ಖಾತರಿಯಾಗಿ ಕೊಡುವುದಾಗಿ ಪತ್ರದಲ್ಲಿ ಸೇರಿಸಬಹುದೇ?" ಬದಲಾವಣೆಯನ್ನು ಎತ್ತಿ ತೋರಿಸಿ ಸುಮ್ಮನಾಗುವುದಕ್ಕಿಂತ, ಅವರ ಮಿತಿಯೊಳಗೆ ಆಗಬಲ್ಲ ಒಂದು ದಾರಿಯನ್ನು ನಾವೇ ಹೇಳುವುದು ಒಳ್ಳೆಯದು. ಹಾಗಲ್ಲದಿದ್ದರೆ ಕಡತ ಮತ್ತೆ ಅದೇ ವಿಶೇಷ ಅನುಮತಿಯ ಸರದಿಯಲ್ಲಿ ಹೋಗಿ ನಿಲ್ಲುತ್ತದೆ. ಗ್ರೇಡನ್ನೇ ಒಂದು ಹಂತ ಏರಿಸಿ ಎಂದೂ ಕೇಳಬಹುದಿತ್ತು, ಆದರೆ ಅದಕ್ಕೆ ಹುದ್ದೆಯ ಅನುಮತಿಯನ್ನೇ ಹೊಸದಾಗಿ ಪಡೆಯಬೇಕಾಗುತ್ತದೆ ಎಂಬುದು ತಿಳಿದಿದ್ದರಿಂದ ಕೇಳಲಿಲ್ಲ. ಸೇರುವಾಗ ಒಮ್ಮೆ ಕೊಡುವ ಬೋನಸ್ಸು ಇನ್ನೊಂದು ದಾರಿ. ಅದಕ್ಕೆ ಸಾಮಾನ್ಯವಾಗಿ ಇಂತಿಷ್ಟು ಕಾಲ ಬಿಟ್ಟುಹೋಗಬಾರದು, ಹೋದರೆ ಹಿಂತಿರುಗಿಸಬೇಕು ಎಂಬ ಷರತ್ತು ಇರುವುದರಿಂದ ನಾನು ಖಾತರಿಯನ್ನೇ ಆರಿಸಿಕೊಂಡೆ.

ಅವರು ಒಪ್ಪಿ, ತಿದ್ದಿದ ಪತ್ರವನ್ನು ಕಳಿಸಿದರು. ಖಾತರಿಯ ವಾಕ್ಯವನ್ನು ನಿಧಾನವಾಗಿ ಓದಿದೆ. ಆ ಹಣ ಯಾವ ತಿಂಗಳಲ್ಲಿ ಬರುತ್ತದೆ, ಮತ್ತು ಕೊಡುವ ದಿನ ಕೆಲಸದಲ್ಲಿ ಇರಬೇಕೇ ಎಂಬ ಎರಡು ವಿಷಯಗಳು ಅದರಲ್ಲಿ ಇರಬೇಕು. ಎರಡೂ ಇದ್ದವು, ಕೊಡುವ ದಿನ ಕೆಲಸದಲ್ಲಿ ಇರಲೇಬೇಕು ಎಂದಿತ್ತು. ನಿಶ್ಚಿತ ವೇತನಕ್ಕೆ ಇದು ಪೂರ್ತಿ ಸಮವಲ್ಲ. ಮುಂದಿನ ವರ್ಷದ ಏರಿಕೆಯ ಲೆಕ್ಕ ನಿಶ್ಚಿತ ಭಾಗದ ಮೇಲೆ ನಡೆಯುವುದರಿಂದ ಸ್ವಲ್ಪ ನಷ್ಟ ಉಳಿಯುತ್ತದೆ, ಅದನ್ನು ತಿಳಿದೇ ನಾನು ಒಪ್ಪಿದೆ. ಬರೆದಿಟ್ಟುಕೊಂಡಿದ್ದ ಮಿತಿಯೊಳಗೆ ಅದು ಇತ್ತು.

ಸೇರುವ ದಿನಾಂಕ ಮಾತ್ರ ಹಳೆಯದೇ ಉಳಿದಿತ್ತು. ಬಾಯಿಮಾತಿನ ದಿನ ಲೆಕ್ಕ ಹಾಕಿದ್ದ ಆ ದಿನಾಂಕಕ್ಕೂ ನನ್ನ ನೋಟಿಸ್ ಅವಧಿಗೂ, ಪತ್ರ ಇಷ್ಟು ತಡವಾಗಿ ಬಂದ ಮೇಲೆ, ತಾಳೆಯಾಗುತ್ತಿರಲಿಲ್ಲ. ಅದನ್ನೂ ತಿದ್ದಿಸಿಕೊಂಡೆ, ಸಹಿ ಮಾಡಿದ ಪತ್ರದಲ್ಲಿರುವ ದಿನ ಸೇರದಿದ್ದರೆ ಆಫರ್ ರದ್ದಾಗುತ್ತದೆ ಎಂಬ ಸಾಲು ಅದೇ ಪತ್ರದ ಕೆಳಗಡೆ ಇತ್ತು. ಹಿನ್ನೆಲೆ ಪರಿಶೀಲನೆ ತೃಪ್ತಿಕರವಾಗಿ ಮುಗಿಯಬೇಕು ಎಂಬ ಷರತ್ತೂ ಇದ್ದುದರಿಂದ, ರಾಜೀನಾಮೆಗೆ ಮೊದಲು ಆ ಪರಿಶೀಲನೆ ಮುಗಿಯಬಹುದೇ ಎಂದು ಕೇಳಿದೆ. ಹಿಂದಿನ ಸಂಸ್ಥೆಗಳ ಭಾಗವನ್ನು ಮೊದಲೇ ಮುಗಿಸುತ್ತೇವೆ, ಈಗಿನ ಸಂಸ್ಥೆಯನ್ನು ನೀವು ರಾಜೀನಾಮೆ ಕೊಟ್ಟ ಮೇಲೆಯೇ ಸಂಪರ್ಕಿಸುತ್ತೇವೆ ಎಂದು ಇಮೇಲಿನಲ್ಲಿ ಬರೆದು ಕೊಟ್ಟರು. ಆ ಭಾಗ ಮುಗಿದ ಸುದ್ದಿ ಬಂದ ದಿನ ಆಫರ್ ಲೆಟರಿಗೆ ಸಹಿ ಮಾಡಿ ಕಳಿಸಿ, ಎರಡೂ ಕಡೆಯ ಸಹಿ ಇರುವ ಪ್ರತಿ ಹಿಂತಿರುಗಿ ಬಂದ ಮೇಲೆ, ಎರಡನೆಯ ಸಂಸ್ಥೆಗೆ ಅವರು ಕೊಟ್ಟಿದ್ದ ಗಡುವಿನೊಳಗೇ ಕರೆ ಮಾಡಿ ವಿನಯದಿಂದ ಬೇಡವೆಂದು ತಿಳಿಸಿ, ಅದರ ಮರುದಿನ ಬೆಳಿಗ್ಗೆ ನನ್ನ ಮೇಲಧಿಕಾರಿಗೆ ರಾಜೀನಾಮೆಯನ್ನು ಸಲ್ಲಿಸಿದೆ.